ನಸುಕು ಊದುಬತ್ತಿ: ಅಚ್ಚಿಗೆ ಹೋಗುವ ಅಡಿಬರಹಗಳು

ಪೆಟ್ಟಿಗೆಯ ಮುಂಭಾಗ

ದಿನ ಶುರುವಾಗುವ ಮೊದಲು,
ಒಂದು ಕಡ್ಡಿಯಷ್ಟು ಮೌನ.

ಇದೇ ಮುಖ್ಯ ಸಾಲು. ನಮ್ಮ ಎಂಟಿಂಚಿನ ಕಡ್ಡಿ ಉರಿದು ಮುಗಿಯಲು ಸುಮಾರು ಅರ್ಧ ಗಂಟೆ. ಪ್ರಾರ್ಥನೆಗೆ ಕೂರುವವರು ಆ ಹೊತ್ತನ್ನು ಗಡಿಯಾರ ನೋಡದೆಯೇ ಬಲ್ಲರು. ಸಾಲು ಒಡೆಯುವುದಿದ್ದರೆ 'ಮೊದಲು' ಆದಮೇಲೆ ಮಾತ್ರ. 'ಮೌನ' ಒಂಟಿಯಾಗಿ ಮೂರನೇ ಸಾಲಿಗೆ ಇಳಿದರೆ ಓದು ಮುಗ್ಗರಿಸುತ್ತದೆ. 'ಕಡ್ಡಿಯಷ್ಟು' ಪದದ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಜಾಗ ಬಿಡಿ.

ಅಂಗಡಿ ಫಲಕ

ನೆನೆಯುವ ಹೆಸರು ನಿಮ್ಮದು. ನಸುಕು ಎಲ್ಲರದು.

ಹತ್ತು ರೂಪಾಯಿಯ ಪ್ಯಾಕೆಟ್

ಹಾಲಿನವರು ಬರುವ ಮುಂಚೆ, ಮನಸ್ಸಿಗೊಂದು ಗಳಿಗೆ.

ಬಸ್ಸಿನ ಹಿಂಬದಿ

ಪ್ರಾರ್ಥನೆಗೆ ಮನೆಯ ಒಂದು ಮೂಲೆ ಸಾಕು.

ಇಲ್ಲಿ 'ದೇವರಮನೆ' ಬೇಡ. ಎಲ್ಲರ ಮನೆಯಲ್ಲೂ ಅದು ಇರುವುದಿಲ್ಲ, ಮೂಲೆ ಮಾತ್ರ ಇದ್ದೇ ಇರುತ್ತದೆ.

ಪರಿಮಳಕ್ಕೊಂದು ಸಾಲು

ಮಲ್ಲಿಗೆ: ರಾತ್ರಿ ಬಿರಿದದ್ದು, ಬೆಳಗಿಗೆ ಉಳಿದದ್ದು.
ಸಾಂಬ್ರಾಣಿ: ಕೆಂಡವಿಲ್ಲದೆ, ಅದೇ ಹೊಗೆಯ ನೆನಪು.
ಗಂಧ: ತಂಪಾಗಿ ಶುರುವಾಗಲಿ ದಿನ.

ಸಾಂಬ್ರಾಣಿಯ ಸಾಲನ್ನು ಬದಲಿಸಬೇಡಿ. ಮಗುವಿನ ತಲೆಗೂದಲಿಗೆ ಹಿಡಿದ ಹೊಗೆ, ದರ್ಗಾದ ಲೋಬಾನ, ಚರ್ಚಿನ ಧೂಪ, ಎಲ್ಲವನ್ನೂ ಅದು ಹೆಸರಿಸದೆಯೇ ತಲುಪುತ್ತದೆ. ಗಂಧದ ಪೆಟ್ಟಿಗೆಯಲ್ಲಿ 'ಅಪ್ಪಟ ಶ್ರೀಗಂಧ' ಎಂದು ಸೇರಿಸುವಂತಿಲ್ಲ. ಅದಕ್ಕೆ ಹಾಕುವುದು ಸುಗಂಧ ಮಿಶ್ರಣ, ಶ್ರೀಗಂಧದ ಎಣ್ಣೆಯಲ್ಲ.

ರೇಡಿಯೊ, 15 ಸೆಕೆಂಡ್

(ಬೆಂಕಿಕಡ್ಡಿ ಗೀರುವ ಸದ್ದು. ಎರಡು ಸೆಕೆಂಡ್ ಏನೂ ಇಲ್ಲ. ದೂರದಲ್ಲಿ ಒಂದು ಹಕ್ಕಿ.)
"ಬೆಳಗ್ಗೆ ಐದೂವರೆ. ಮನೆಯಲ್ಲಿ ಇನ್ನೂ ಯಾರೂ ಎದ್ದಿಲ್ಲ. ನೀವು, ನಿಮ್ಮ ಪ್ರಾರ್ಥನೆ. ನಸುಕು ಊದುಬತ್ತಿ. ಒಂದು ಕಡ್ಡಿಯಷ್ಟು ಮೌನ."

ಗಂಟೆ, ಶಂಖ, ಆಜಾನ್, ಯಾವುದೂ ಹಿನ್ನೆಲೆಯಲ್ಲಿ ಬೇಡ. ಆ ಎರಡು ಸೆಕೆಂಡಿನ ಮೌನವನ್ನು ಸಂಕಲನದಲ್ಲಿ ಕತ್ತರಿಸಿದರೆ ಕೊನೆಯ ಸಾಲಿಗೆ ಆಧಾರವೇ ಇರುವುದಿಲ್ಲ.

ಕೈಬಿಟ್ಟ ಸಾಲುಗಳು

"ಎಲ್ಲ ಧರ್ಮಗಳಿಗೂ ಒಂದೇ ಪರಿಮಳ": ಧರ್ಮ ಎಂದ ಕೂಡಲೇ ಓದುವವರು ತಮ್ಮದು ಇದರಲ್ಲಿದೆಯೇ ಎಂದು ಹುಡುಕತೊಡಗುತ್ತಾರೆ.
"ನಿತ್ಯಪೂಜೆಗೆ ನಸುಕು": ಸಾಲು ಚೆಂದವಿದೆ, ಆದರೆ 'ಪೂಜೆ' ಎನ್ನದವರ ಮನೆಗೆ ಇದು ಹೋಗುವುದಿಲ್ಲ.

ಪೆಟ್ಟಿಗೆಯ ಹಿಂಭಾಗ

ತುದಿ ಕೆಂಪಾದ ಮೇಲೆ ಉರಿ ಆರಿಸಿ. ಪರದೆ, ಕಾಗದದಿಂದ ದೂರ, ಬೂದಿ ಬೀಳುವ ತಟ್ಟೆಯ ಮೇಲೆ ನಿಲ್ಲಿಸಿ. ಕಿಟಕಿ ಸ್ವಲ್ಪ ತೆರೆದಿರಲಿ.

('ಬಾಯಿಂದ ಊದಬೇಡಿ' ಎಂಬುದನ್ನು ಸೇರಿಸಬಾರದು. ಅದು ಕೆಲವು ಮನೆಗಳ ಪದ್ಧತಿ. ಹೇಗೆ ಆರಿಸುವುದು ಎಂಬುದು ಅವರವರಿಗೆ ಬಿಟ್ಟದ್ದು.)