ಹುಬ್ಬಳ್ಳಿ ಬ್ರಾಂಚಿಗೆ ವರ್ಗಾವಣೆ ಕೇಳಿ ಪತ್ರ

ಬೆಂಗಳೂರು
21 ಫೆಬ್ರವರಿ 2025, ಶುಕ್ರವಾರ

ವಿಷಯ: ಮೇ ತಿಂಗಳ ಕೊನೆಗೆ ಪೀಣ್ಯದಿಂದ ಹುಬ್ಬಳ್ಳಿ ಬ್ರಾಂಚಿಗೆ ವರ್ಗಾವಣೆ

ಪ್ರಕಾಶ್ ಸರ್,

ನಮಸ್ಕಾರ. ಹತ್ತು ದಿನದಿಂದ ಈ ಮಾತು ಬಾಯಿಗೆ ಬಂದು ವಾಪಸ್ ಹೋಗ್ತಾ ಇದೆ. ನಿನ್ನೆ 20ನೇ ತಾರೀಖು, ಜಿಎಸ್‌ಟಿಯ 3ಬಿ ರಿಟರ್ನ್ ಫೈಲ್ ಆಗುವವರೆಗೆ ನಿಮ್ಮ ತಲೆಗೆ ಇನ್ನೊಂದು ಹಾಕಬಾರದು ಅಂತ ಸುಮ್ಮನಿದ್ದೆ. ಇವತ್ತು ಬರೆಯುತ್ತಿದ್ದೇನೆ. ಎಚ್‌ಆರ್‌ಗೆ ಕೊಡುವ ಇಂಗ್ಲಿಷ್ ಅರ್ಜಿ ಬೇರೆ ಇರಲಿ. ನಾವಿಬ್ಬರೂ ದಿನಾ ಮಾತಾಡುವುದು ಕನ್ನಡದಲ್ಲೇ ಅಲ್ವಾ, ನಿಮಗೆ ಬರೆಯುವುದನ್ನು ಹಾಗೇ ಬರೆಯುತ್ತೇನೆ.

ನಮ್ಮ ಮನೆಯವರಿಗೆ ಬ್ಯಾಂಕಿನಲ್ಲಿ ಪ್ರಮೋಶನ್ ಆಗಿದೆ. ಜೊತೆಗೇ ಹುಬ್ಬಳ್ಳಿಗೆ ಪೋಸ್ಟಿಂಗ್. ಆರ್ಡರ್ ಇದೇ 11ಕ್ಕೆ ಬಂತು. ಮಾರ್ಚ್ 17ರೊಳಗೆ ಅಲ್ಲಿ ರಿಪೋರ್ಟ್ ಮಾಡಬೇಕು. ಮೂರು ವರ್ಷವಾದರೂ ಅಲ್ಲೇ ಇರಬೇಕಾಗುತ್ತದೆ ಅಂತ ಅವರ ಆಫೀಸಿನಲ್ಲಿ ಹೇಳಿದ್ದಾರೆ. ಬೇಡ ಅಂದರೆ ಪ್ರಮೋಶನ್ ಬಿಡಬೇಕು. ಎರಡು ಸಲ ತಪ್ಪಿ ಈಗ ಬಂದಿರುವುದು ಅದು. ಬಿಡಿ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.

ಹಾಗಾಗಿ ನನ್ನನ್ನು ನಮ್ಮ ಹುಬ್ಬಳ್ಳಿ ಬ್ರಾಂಚಿಗೆ ವರ್ಗಾವಣೆ ಮಾಡಿಕೊಡಿ ಅಂತ ಕೇಳುತ್ತಿದ್ದೇನೆ. ಈಗಲೇ ಅಲ್ಲ. ಮೇ ಕೊನೆಗೆ.

ಅಲ್ಲಿಯವರೆಗೆ ಇವರು ಒಬ್ಬರೇ ಅಲ್ಲಿರುತ್ತಾರೆ. ಎರಡೂವರೆ ತಿಂಗಳು ಹೇಗೋ ಸಂಭಾಳಿಸಬಹುದು. ಶುಕ್ರವಾರ ರಾತ್ರಿ ರಾಣಿ ಚೆನ್ನಮ್ಮ ಹತ್ತುವುದು, ಭಾನುವಾರ ರಾತ್ರಿ ಮತ್ತೆ ರೈಲು. ನಾನೂ ಅವರೂ ವಾರ ಬಿಟ್ಟು ವಾರ ಓಡಾಡಿದರಾಯಿತು. ಮೂರು ವರ್ಷ ಹಾಗೇ ನಡೆಸಲು ಆಗುವುದಿಲ್ಲ ಸರ್. ಮಗಳಿಗೆ ಈಗ ಏಳು ವರ್ಷ, ಎರಡನೇ ಕ್ಲಾಸು. ಅವಳನ್ನು ಸಂಜೆ ಸ್ಕೂಲ್ ಬಸ್ಸಿನಿಂದ ಇಳಿಸಿಕೊಳ್ಳುವುದು, ಊಟ, ಹೋಂವರ್ಕ್ ಎಲ್ಲ ಅವರದೇ ಪಾಲು. ಮಂತ್ ಎಂಡ್ ಬಂದರೆ ನಾನು ಮನೆ ಸೇರುವುದು ಒಂಬತ್ತಕ್ಕೆ ಅಂತ ನಿಮಗೂ ಗೊತ್ತು. ಅತ್ತೆ ಜೊತೆಗಿದ್ದಾರೆ, ಆದರೆ ಮೊಣಕಾಲು ನೋವಿನಿಂದ ನಮ್ಮ ಮೂರನೇ ಮಹಡಿ ಹತ್ತಿ ಇಳಿಯುವುದೇ ಅವರಿಗೆ ಕಷ್ಟ. ಇಷ್ಟು ವರ್ಷ ನಾನು ಮಂತ್ ಎಂಡಿನಲ್ಲಿ ನಿಶ್ಚಿಂತೆಯಿಂದ ಕೂತು ಕೆಲಸ ಮಾಡಿದ್ದೇ ಇವರು ಮನೆಯಲ್ಲಿ ಇರುತ್ತಿದ್ದರು ಅಂತ. ಅದು ನನಗೂ ಈ ಆರ್ಡರ್ ಬಂದ ಮೇಲೇ ಸರಿಯಾಗಿ ತಿಳಿದದ್ದು.

ಇದೇ ನಿಜವಾದ ಕಾರಣ. ಕಂಪನಿಗೆ ಲಾಭವಾಗಲಿ ಅಂತ ಹುಬ್ಬಳ್ಳಿಗೆ ಹೊರಟಿದ್ದೇನೆ ಅಂತ ಬರೆದರೆ ನೀವು ನಗ್ತೀರಿ. ಆದರೆ ಅಲ್ಲಿ ಕೂತರೆ ನನ್ನ ಕೆಲಸ ಚೆನ್ನಾಗಿಯೇ ನಡೆಯುತ್ತದೆ. ಅದಕ್ಕೆ ಒಂದು ಉದಾಹರಣೆ ನಿಮ್ಮ ಕಣ್ಣ ಮುಂದೆಯೇ ಇದೆ.

ಕಳೆದ ಅಕ್ಟೋಬರ್ 24ಕ್ಕೆ ನೀವು ನನ್ನನ್ನು ಸೇಲ್ಸ್‌ನವರ ಜೊತೆ ಗದಗ ಕಡೆ ಕಳಿಸಿದ್ದು ನೆನಪಿದೆಯಲ್ಲ? ರೋಣದ ಡೀಲರು ನಾಲ್ಕು ತಿಂಗಳಿಂದ ದುಡ್ಡು ಕೊಟ್ಟಿರಲಿಲ್ಲ. ಫೋನ್ ಮಾಡಿದರೆ ಜೋರಾಗಿ ಏನೋ ಹೇಳಿ ಇಟ್ಟುಬಿಡುತ್ತಿದ್ದರು. ನಾವು ಇಲ್ಲಿ ಕೂತು ಅವರನ್ನು ಸತಾಯಿಸುವವರ ಪಟ್ಟಿಗೆ ಸೇರಿಸಿದ್ದೆವು. ಅವತ್ತು ಅಂಗಡಿಯಲ್ಲಿ ಚಹಾ ಕೊಟ್ಟು ಕೂರಿಸಿ ಅವರು ಹೇಳಿದ್ದು ಇಷ್ಟೇ: "ಫೋನ್ಯಾಗ ಎಷ್ಟ್ ಸಲ ಹೇಳಬೇಕ್ರೀ ಮೇಡಂ? ಏಳು ಪಂಪ್ ವಾಪಸ್ ಕಳಿಸೀನಿ. ಕ್ರೆಡಿಟ್ ನೋಟ್ ಕೊಡ್ರಿ, ನಾಳೀಗೇ ರೊಕ್ಕ ಹಾಕ್ತೀನಿ."

ಅವರ ಹತ್ತಿರ ನಮ್ಮದೇ ಹುಬ್ಬಳ್ಳಿ ಗೋಡೌನಿನ ಸಹಿ ಇತ್ತು. ಗೋಡೌನಿನ ಇನ್‌ವರ್ಡ್ ಪುಸ್ತಕದಲ್ಲಿ ಏಳೂ ಪಂಪಿನ ಎಂಟ್ರಿ ಇತ್ತು. ಆ ಚೀಟಿ ಪೀಣ್ಯಕ್ಕೆ ಬಂದೇ ಇರಲಿಲ್ಲ. ಮಾಲು 2023-24ರದು. ಆ ವರ್ಷದ ಕ್ರೆಡಿಟ್ ನೋಟನ್ನು ಜಿಎಸ್‌ಟಿ ರಿಟರ್ನಿನಲ್ಲಿ ತೋರಿಸಲು ನವೆಂಬರ್ 30 ಕೊನೆ. ವಾಪಸ್ ಬಂದ ಮಾರನೇ ದಿನವೇ ನೋಟ್ ಮಾಡಿದ್ದರಿಂದ ನವೆಂಬರ್ 11ರ ಜಿಎಸ್‌ಟಿಆರ್-1ರಲ್ಲಿ ಹೋಯಿತು. ಪಂಪಿಗೆ 32,000ದ ಹಾಗೆ ಏಳಕ್ಕೆ 2,24,000. ಅದರ ಮೇಲೆ ಶೇ. 18, ಅಂದರೆ 40,320 ರೂಪಾಯಿ ತೆರಿಗೆ. ಸ್ವಲ್ಪ ತಡವಾಗಿದ್ದರೂ ಅದು ನಮ್ಮ ತಲೆಗೇ ಬರುತ್ತಿತ್ತು. ಡೀಲರು ಹೇಳಿದ ಹಾಗೆ ಹಳೇ ಬಾಕಿಯೂ ಬಂತು.

ಒಂದು ಅಂಗಡಿಯ ಕಥೆ ಇದು. ಜನವರಿಯ ಏಜಿಂಗ್ ರಿಪೋರ್ಟ್ ತೆಗೆದು ನೋಡಿದೆ. 90 ದಿನ ದಾಟಿದ ಬಾಕಿ ಒಟ್ಟು 48 ಲಕ್ಷ. ಅದರಲ್ಲಿ 31 ಲಕ್ಷ ಹುಬ್ಬಳ್ಳಿ ಬ್ರಾಂಚಿನ ಡೀಲರುಗಳದು: ಗದಗ, ಹಾವೇರಿ, ಬಾಗಲಕೋಟೆ, ಬೆಳಗಾವಿ, ವಿಜಯಪುರ. ಈ ಲೆಡ್ಜರುಗಳನ್ನು ನೋಡುತ್ತಿರುವವಳು ಈಗಲೂ ನಾನೇ. 31 ಲಕ್ಷವೂ ನಾನು ಹೋದ ತಕ್ಷಣ ಬಂದುಬಿಡುತ್ತದೆ ಅಂತ ಹೇಳುವುದಿಲ್ಲ. ಕೆಲವರು ನಿಜಕ್ಕೂ ಸತಾಯಿಸುವವರೇ. ಆದರೆ ಎಷ್ಟೋ ಕಡೆ ಜಗಳ ಇರುವುದು ಕಾಗದದ್ದು. ಕಾಗದ ಹುಬ್ಬಳ್ಳಿ ಗೋಡೌನಿನಲ್ಲಿರುತ್ತದೆ, ಅದನ್ನು ಹುಡುಕುವವಳು ಪೀಣ್ಯದಲ್ಲಿರುತ್ತಾಳೆ. ಬೋರ್‌ವೆಲ್ ಸೀಸನ್ ಈಗ ಶುರು. ಮೇವರೆಗೆ ಹೋಗುವ ಮಾಲಿನ ರಿಟರ್ನ್ ತಕರಾರೆಲ್ಲ ಜೂನ್ ಮೇಲೆ ಬರುತ್ತದೆ. ಆಗ ನಾನು ಅಲ್ಲೇ ಇರುತ್ತೇನೆ.

ಹುಬ್ಬಳ್ಳಿಯಲ್ಲಿ ಅಕೌಂಟ್ಸ್‌ಗೆ ಒಂದೇ ಪೋಸ್ಟ್, ಅದರಲ್ಲಿ ಪಾಟೀಲರು ಇದ್ದಾರೆ ಅಂತ ಗೊತ್ತು. ಅವರ ಜಾಗ ಕೇಳುತ್ತಿಲ್ಲ. ನನ್ನ ಪೋಸ್ಟ್ ಈಗಿನ ಹಾಗೇ ನಿಮ್ಮ ಕೈಕೆಳಗೇ ಇರಲಿ, ಕೂರುವ ಜಾಗ ಮಾತ್ರ ಹುಬ್ಬಳ್ಳಿ ಆಗಲಿ. ಎರಡೂ ಜಾಗ ಒಂದೇ ಜಿಎಸ್‌ಟಿ ನಂಬರಿನ ಅಡಿಯಲ್ಲಿವೆ, ರಿಟರ್ನ್ ಕೆಲಸ ಅಲ್ಲಿಂದಲೂ ಆಗುತ್ತದೆ. ಪಿಎಫ್, ಪ್ರೊಫೆಷನಲ್ ಟ್ಯಾಕ್ಸ್ ಯಾವುದೂ ಬದಲಾಗುವುದಿಲ್ಲ. ಎಚ್‌ಆರ್‌ಎ ವಿನಾಯಿತಿಗೂ ಇನ್‌ಕಮ್ ಟ್ಯಾಕ್ಸಿನವರ ಕಣ್ಣಿಗೆ ಸದ್ಯಕ್ಕೆ ಬೆಂಗಳೂರು, ಹುಬ್ಬಳ್ಳಿ ಎರಡೂ ಒಂದೇ, ಶೇ. 40ರ ಊರು. (ಬಾಡಿಗೆ ಕೊಡುವ ನಮಗೆ ಮಾತ್ರ ಒಂದೇ ಅಲ್ಲ!)

ಅಲ್ಲಿಂದ ಆಗದ ಕೆಲಸವೂ ಇದೆ. ಪೀಣ್ಯದ ಸಪ್ಲೈಯರುಗಳ ಬಿಲ್ಲು, ಬ್ಯಾಂಕಿಗೆ ಓಡಾಟ, ಪೆಟ್ಟಿ ಕ್ಯಾಶ್, ಇವಕ್ಕೆ ಇಲ್ಲೇ ಒಬ್ಬರು ಬೇಕು. ನವೀನ್ ಪರ್ಚೇಸ್ ಬಿಲ್ಲುಗಳನ್ನು ಈಗಾಗಲೇ ಚೆನ್ನಾಗಿ ನೋಡುತ್ತಿದ್ದಾರೆ. ಉಳಿದದ್ದನ್ನೂ ಅವರೇ ನಿಭಾಯಿಸಬಹುದು ಅಂತ ನನ್ನ ಅನಿಸಿಕೆ. ಇನ್ನೂ ಅವರನ್ನು ಕೇಳಿಲ್ಲ, ನಿಮಗಿಂತ ಮೊದಲು ಅವರಿಗೆ ಹೇಳುವುದು ಸರಿಯಲ್ಲ ಅನಿಸಿತು. ಅವರ ಕೆಲಸ ಹೆಚ್ಚಾದರೆ ಸಂಬಳದಲ್ಲೂ ಅದು ಕಾಣಬೇಕು ಸರ್. ನನ್ನ ಅನುಕೂಲಕ್ಕೆ ಅವರು ಸುಮ್ನೆ ಹೊರೆ ಹೊರುವುದು ಬೇಡ.

ಒಂದು ತಪ್ಪು ಒಪ್ಪಿಕೊಳ್ಳಬೇಕು. ಡೀಲರುಗಳ ಸ್ಕೀಮ್ ಡಿಸ್ಕೌಂಟ್ ಲೆಕ್ಕ ನಾನು ಎಲ್ಲೂ ಬರೆದಿಟ್ಟಿಲ್ಲ. ಯಾರಿಗೆ ಕ್ವಾರ್ಟರ್ ಲೆಕ್ಕ, ಯಾರಿಗೆ ವರ್ಷದ ಲೆಕ್ಕ, ಯಾರಿಗೆ ಹಳೇ ಎಂಡಿ ಬಾಯಿಮಾತಿನಲ್ಲಿ ಅರ್ಧ ಪರ್ಸೆಂಟ್ ಜಾಸ್ತಿ ಒಪ್ಪಿದ್ದರು, ಎಲ್ಲ ನನ್ನ ತಲೆಯಲ್ಲೇ ಇದೆ. ಇಷ್ಟು ವರ್ಷದಲ್ಲಿ ಹಾಗೇ ಬೆಳೆದುಬಿಟ್ಟಿದೆ. ನಾನು ಇಲ್ಲಿರಲಿ, ಹೋಗಲಿ, ಅದು ಸರಿಯಲ್ಲ. ಮಾರ್ಚ್ 15ರೊಳಗೆ ಡೀಲರು ಡೀಲರಾಗಿ ಒಂದು ಶೀಟ್ ಮಾಡಿ ನಿಮಗೆ ಕೊಡುತ್ತೇನೆ. ಈ ಪತ್ರಕ್ಕೆ ನಿಮ್ಮ ಉತ್ತರ ಏನೇ ಇದ್ದರೂ ಕೊಡುತ್ತೇನೆ.

ಮಾರ್ಚ್ 31ರ ಕ್ಲೋಸಿಂಗ್ ಪೂರ್ತಿ ನಾನೇ ಇಲ್ಲಿದ್ದು ಮಾಡುತ್ತೇನೆ. ಮೇನಲ್ಲಿ ಆಡಿಟರ್ ಬಂದಾಗಲೂ ಇರುತ್ತೇನೆ. ಜನವರಿ-ಮಾರ್ಚ್ ಕ್ವಾರ್ಟರಿನ ಟಿಡಿಎಸ್ ರಿಟರ್ನಿಗೆ ಮೇ 31 ಕೊನೆ ದಿನ, ಅದನ್ನೂ ಮುಗಿಸಿಯೇ ಹೊರಡುತ್ತೇನೆ. ಏಪ್ರಿಲ್, ಮೇನಲ್ಲಿ ಫೈಲ್ ಮಾಡಬೇಕಾದ ಎರಡು 3ಬಿಯನ್ನು ನವೀನ್ ಕೈಯಲ್ಲಿ ಮಾಡಿಸಿ ನಾನು ಪಕ್ಕದಲ್ಲಿ ಕೂರುತ್ತೇನೆ. ಒಂದು ಸಲ ಅವರೇ ಮಾಡಿದರೆ ಹತ್ತು ಸಲ ಹೇಳಿಕೊಡುವ ಕೆಲಸ ತಪ್ಪುತ್ತದೆ. ಮೇ ಕೊನೆಗೆ ಸ್ಕೂಲು ಶುರುವಾಗುತ್ತದೆ. ಮಗಳನ್ನು ಮೊದಲ ವಾರ ಅವಳ ಅಪ್ಪ ಬಿಟ್ಟುಬರುತ್ತಾರೆ.

ಸಂಬಳದ ವಿಷಯ. ನಾನೇ ಕೇಳಿ ಹೋಗುತ್ತಿರುವುದರಿಂದ ಸಾಮಾನು ಸಾಗಿಸುವ ಖರ್ಚು ಕೇಳುವುದಿಲ್ಲ. ಬೆಂಗಳೂರಿನ ಸಿಟಿ ಅಲೊವೆನ್ಸ್ ತೆಗೆದರೂ ಒಪ್ಪಿಗೆ. ಬೇಸಿಕ್ ಮತ್ತು ಸೀನಿಯಾರಿಟಿ ಹಾಗೇ ಇರಲಿ, ಅಷ್ಟೇ ನನ್ನ ಕೋರಿಕೆ. ತಿಂಗಳಿಗೊಮ್ಮೆ ಎರಡು ದಿನ ಪೀಣ್ಯಕ್ಕೆ ಬರಬೇಕು ಅಂದರೆ ಬರುತ್ತೇನೆ. ಉಳಿಯಲು ತಂಗಿ ಮನೆ ನಾಗಸಂದ್ರದಲ್ಲೇ ಇದೆ, ಲಾಡ್ಜ್ ಬಿಲ್ ಬರುವುದಿಲ್ಲ.

ಮೇಲಿನವರು ಒಪ್ಪಲು ಹಿಂದೇಟು ಹಾಕಿದರೆ ಜೂನ್‌ನಿಂದ ನವೆಂಬರ್‌ವರೆಗೆ ಆರು ತಿಂಗಳು ನೋಡಿ ಅಂತ ಹೇಳಬಹುದು. ನನ್ನ ಹೆಸರು ಪೀಣ್ಯದ ರೋಲಿನಲ್ಲೇ ಇರಲಿ. ಆ 31 ಲಕ್ಷದಲ್ಲಿ ಎಷ್ಟು ಇಳಿಯಿತು ಅಂತ ನವೆಂಬರಿನಲ್ಲಿ ನೀವೇ ರಿಪೋರ್ಟ್ ತೆಗೆದು ನೋಡಿ ತೀರ್ಮಾನ ಮಾಡಿ.

ಇದ್ಯಾವುದೂ ಆಗುವುದಿಲ್ಲ ಅನ್ನುವುದಾದರೆ ನೇರವಾಗಿ ಹೇಳಿಬಿಡಿ, ಬೇಜಾರಿಲ್ಲ. ಮಾರ್ಚ್ ಕೊನೆಯೊಳಗೆ ಗೊತ್ತಾದರೆ ಮಗಳ ಸ್ಕೂಲು ಅಡ್ಮಿಶನ್, ಇಲ್ಲಿನ ಮನೆಯ ಬಾಡಿಗೆ ಕರಾರು ಎರಡನ್ನೂ ಅದಕ್ಕೆ ತಕ್ಕ ಹಾಗೆ ನೋಡಿಕೊಳ್ಳಬಹುದು. ಬೇರೆ ಕಡೆ ಕೆಲಸ ಹುಡುಕುತ್ತಿಲ್ಲ. ಹುಡುಕುವ ಮೊದಲು ನಿಮ್ಮನ್ನು ಕೇಳಬೇಕು ಅನಿಸಿತು. ಮಗಳು ಹುಟ್ಟಿದಾಗ ನೀವು ರಜೆಯನ್ನು ಮತ್ತೆರಡು ತಿಂಗಳು ಜಗ್ಗಿ ಕೊಟ್ಟಿದ್ದು ಮರೆತಿಲ್ಲ.

ಸೋಮವಾರ ಬೆಳಗ್ಗೆ ಬ್ಯಾಂಕ್ ರಿಕನ್ಸಿಲಿಯೇಷನ್ ಮುಗಿಸಿ ಹನ್ನೊಂದೂವರೆಗೆ ನಿಮ್ಮ ಕ್ಯಾಬಿನ್‌ಗೆ ಬರಲಾ? ಅವತ್ತು ಆಗದಿದ್ದರೆ ಮಂಗಳವಾರ. ಬುಧವಾರ ಶಿವರಾತ್ರಿ ರಜೆ. ಏಜಿಂಗ್ ರಿಪೋರ್ಟ್ ಮತ್ತು ಇವರ ಟ್ರಾನ್ಸ್‌ಫರ್ ಆರ್ಡರಿನ ಜೆರಾಕ್ಸ್ ತರುತ್ತೇನೆ.

ಇಂತಿ,
ಸುಮಾ
ಅಕೌಂಟ್ಸ್ ವಿಭಾಗ, ಪೀಣ್ಯ