ಪರಿಶೀಲಕರ ಅಭಿಪ್ರಾಯಗಳಿಗೆ ಲೇಖಕರ ಉತ್ತರ: ‘ಕೋಲಾರ ಜಿಲ್ಲೆಯ ನೀರುಗಂಟಿಗಳು ಮತ್ತು ಕೆರೆ ನೀರಿನ ಹಂಚಿಕೆ’

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವ ನೀರುಗಂಟಿಗಳ ಬಗೆಗಿನ ನಮ್ಮ ಲೇಖನವನ್ನು ದೊಡ್ಡ ಮಟ್ಟದಲ್ಲಿ ತಿದ್ದಿ ಕಳಿಸಲು ಹೇಳಿದ್ದೀರಿ. ಇಬ್ಬರು ಪರಿಶೀಲಕರೂ ತುಂಬ ಗಮನ ಕೊಟ್ಟು ಓದಿದ್ದಾರೆ, ಅವರಿಗೆ ಮನಸಾರೆ ಧನ್ಯವಾದ. ಪ್ರತಿ ಅಂಶಕ್ಕೂ ಕೆಳಗೆ ಉತ್ತರಿಸಿದ್ದೇವೆ. ಬದಲಾದ ಸಾಲುಗಳಿಗೆ ಹಸ್ತಪ್ರತಿಯಲ್ಲಿ ಹಳದಿ ಬಣ್ಣ ಹಾಕಿದೆ. ಪುಟಸಂಖ್ಯೆಗಳು ಹೊಸ ಪ್ರತಿಯವು.

ಮೊದಲ ಪರಿಶೀಲಕರು

1.1 “ಲೇಖನ ಹಳೆಯ ವ್ಯವಸ್ಥೆಯನ್ನು ವೈಭವೀಕರಿಸುತ್ತದೆ. ನೀರುಗಂಟಿಗಳಲ್ಲಿ ಹೆಚ್ಚಿನವರು ದಲಿತರು ಎಂಬುದು ಒಂದೇ ವಾಕ್ಯದಲ್ಲಿ ಮುಗಿದಿದೆ.”

ಇದು ನಮಗೆ ಬಂದ ಅತಿ ಮುಖ್ಯವಾದ ಟೀಕೆ. ಇದಕ್ಕಾಗಿ ಮೂರನೆಯ ಭಾಗವನ್ನು ಪೂರ್ತಿ ಹೊಸದಾಗಿ ಬರೆದಿದ್ದೇವೆ (ಪುಟ 9–14).

ಮಾತನಾಡಿಸಿದ 34 ಜನರಲ್ಲಿ 22 ಮಂದಿ ನೀರುಗಂಟಿ ಮನೆತನದವರು. ಅವರ ಮಾತಿನಲ್ಲಿ ಹೆಮ್ಮೆಯೂ ಇದೆ, ನೋವೂ ಇದೆ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ಅವರಿಗೆ ಮಾಡುವ ಅನ್ಯಾಯ. ಮುಳಬಾಗಿಲು ಕಡೆಯ ಹಿರಿಯರೊಬ್ಬರ ಮಾತನ್ನು ಈಗ ಪೂರ್ತಿ ಸೇರಿಸಿದ್ದೇವೆ: “ತೂಬು ಎತ್ತೋರು ನಾವು. ಯಾರ ಗದ್ದೆಗೆ ಎಷ್ಟೊತ್ತು ನೀರು ಅಂತ ಹೇಳೋರು ನಾವು. ಗೌಡರೂ ಕೇಳಬೇಕಿತ್ತು. ಅದೇ ಊರ ಬಾವಿ ಹತ್ರ ಹೋದ್ರೆ ಕೊಡ ಕೆಳಗಿಟ್ಟು ದೂರ ನಿಂತ್ಕೋಬೇಕಿತ್ತು.”

ಗದ್ದೆಯ ನೀರಿನ ಮೇಲೆ ಅಧಿಕಾರ ಇದ್ದವನಿಗೆ ಕುಡಿಯುವ ನೀರು ಮುಟ್ಟುವ ಹಕ್ಕಿರಲಿಲ್ಲ. ಇವೆರಡೂ ಒಂದೇ ಊರಲ್ಲಿ, ಒಂದೇ ಕಾಲದಲ್ಲಿ ಹೇಗೆ ನಡೆದವು ಎಂಬುದೇ ಈಗ ಆ ಭಾಗದ ಪ್ರಶ್ನೆ. ನಮಗೆ ಸಿಕ್ಕ ಉತ್ತರ ಇದು: ಅಚ್ಚುಕಟ್ಟಿನಲ್ಲಿ ಜಮೀನು ಇಲ್ಲದವನು ಅಥವಾ ತೀರ ಕಡಿಮೆ ಇರುವವನು ನೀರು ಹಂಚಿದರೆ ಪಕ್ಷಪಾತ ಇರುವುದಿಲ್ಲ ಎಂದು ರೈತರು ನಂಬಿದ್ದರು. ಅಂದರೆ ಅವರ ಬಡತನವೇ ಆ ಕೆಲಸಕ್ಕೆ ಅರ್ಹತೆಯಾಗಿತ್ತು. ಸುಗ್ಗಿಯಲ್ಲಿ ರೈತರು ನೀರುಗಂಟಿಗೆ ಕೊಡುವ ಪಾಲನ್ನು, ಅಂದರೆ ಆಯವನ್ನು, ಮೊದಲ ಪ್ರತಿಯಲ್ಲಿ ‘ಗೌರವಧನ’ ಎಂದು ಕರೆದಿದ್ದೆವು. ಆ ಪದ ತೆಗೆದಿದ್ದೇವೆ. ಕಣದ ಬಳಿ ಕಾದು ನಿಂತು ಪಡೆಯುವ ಹುಲ್ಲುಕಟ್ಟಿಗೆ ಆ ಹೆಸರು ಒಪ್ಪುವುದಿಲ್ಲ.

ಆದರೂ ನೀರುಗಂಟಿಯ ಜಾಣ್ಮೆಯ ವಿವರಗಳನ್ನು ಉಳಿಸಿಕೊಂಡಿದ್ದೇವೆ. ತೂಬಿನ ಮೇಲಿನ ಕಂಡಿ ಮೊದಲು ತೆಗೆಯುವುದು, ಕೆಳಗಿನದು ಆಮೇಲೆ. ನೀರು ಕಡಿಮೆ ಇದ್ದ ವರ್ಷ ದಾಮಾಷ: ತೂಬಿನ ಹತ್ತಿರದ ಒಂದಿಷ್ಟು ಗದ್ದೆಯನ್ನು ಮಾತ್ರ ಎಲ್ಲರೂ ಪಾಲು ಹಾಕಿಕೊಂಡು ಬೆಳೆಯುವುದು. ಕಾಲುವೆಯ ಕೊನೆಯ ಗದ್ದೆಗೆ ನೀರು ತಲುಪಿತೋ ಇಲ್ಲವೋ ಎಂದು ರಾತ್ರಿ ಬರಿಗಾಲಿನಲ್ಲಿ ನಡೆದು ನೋಡುತ್ತಿದ್ದರು, ಮಣ್ಣಿನ ತಂಪು ಪಾದಕ್ಕೆ ಗೊತ್ತಾಗುತ್ತಿತ್ತು. ಇದು ವೈಭವೀಕರಣ ಅಲ್ಲ, ಕೆಲಸದ ವಿವರ. ಬರೆದಿಡದಿದ್ದರೆ ಇನ್ನು ಕೆಲವೇ ವರ್ಷಗಳಲ್ಲಿ ಕೇಳಿದರೂ ಹೇಳುವವರು ಇರುವುದಿಲ್ಲ.

1.2 “ಹಳ್ಳಿಗಳ ಹೆಸರು ಕೊಡಿ.”

ಇದನ್ನು ಮಾಡಲಾರೆವು, ದಯವಿಟ್ಟು ಒಪ್ಪಿಕೊಳ್ಳಬೇಕು. ಎರಡು ಹಳ್ಳಿಗಳಲ್ಲಿ ನೀರುಗಂಟಿ ಕೆಲಸಕ್ಕೆಂದು ಕೊಟ್ಟಿದ್ದ ಇನಾಂ ಜಮೀನಿನ ಮರುಮಂಜೂರಾತಿ ವಿವಾದ ಇನ್ನೂ ನಡೆದಿದೆ. ಒಂದು ಊರಿಗೆ ಇರುವುದು ಒಂದೋ ಎರಡೋ ನೀರುಗಂಟಿ ಮನೆ. ಊರ ಹೆಸರು ಹೇಳಿದರೆ ಮನೆಯ ಹೆಸರು ಹೇಳಿದ ಹಾಗೆಯೇ. ತಾಲೂಕು, ಕೆರೆಯ ಅಚ್ಚುಕಟ್ಟಿನ ಅಳತೆ, ಅದು ಜಿಲ್ಲಾ ಪಂಚಾಯಿತಿಯದೋ ಸಣ್ಣ ನೀರಾವರಿ ಇಲಾಖೆಯದೋ ಎಂಬ ವಿವರಗಳನ್ನು ಕೋಷ್ಟಕ 1ರಲ್ಲಿ ಕೊಟ್ಟಿದ್ದೇವೆ.

1.3 “1369ರ ಪೊರುಮಾಮಿಳ್ಳ ಶಾಸನ ಇಲ್ಲಿಗೆ ಏಕೆ?”

ಸರಿಯಾದ ಪ್ರಶ್ನೆ. ಈಗಿನ ಕಡಪ ಜಿಲ್ಲೆಯ ಆ ಶಾಸನ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಹೇಳುತ್ತದೆ. ಅದು ಕಟ್ಟುವ ವಿದ್ಯೆ. ನಮ್ಮ ವಿಷಯ ಹಂಚುವ ವಿದ್ಯೆ. ಎರಡು ಪುಟಗಳಿದ್ದದ್ದನ್ನು ಎರಡು ವಾಕ್ಯಕ್ಕೆ ಇಳಿಸಿದ್ದೇವೆ.

1.4 “ಹೆಂಗಸರ ದನಿಯೇ ಇಲ್ಲ.”

ಐದು ಸಂದರ್ಶನಗಳು ಮೊದಲೇ ನಮ್ಮ ಬಳಿ ಇದ್ದವು. ಬೇರೆ ಲೇಖನಕ್ಕೆಂದು ಎತ್ತಿಟ್ಟಿದ್ದೆವು. ಅವನ್ನು ಇಲ್ಲೇ ಸೇರಿಸಿದ್ದೇವೆ (ಪುಟ 13). ಗಂಡ ತೂಬಿನ ಬಳಿ ಇದ್ದಾಗ ಕಾಲುವೆ ಕಾಯುತ್ತಿದ್ದವರು ಹೆಂಡತಿ ಮಕ್ಕಳು. ಆಯ ಮಾತ್ರ ಒಬ್ಬರ ಲೆಕ್ಕದಲ್ಲೇ ಬರುತ್ತಿತ್ತು. ಮೇಲೆ ಹೇಳಿದ 34ರಲ್ಲಿ ಈ ಐವರೂ ಇದ್ದಾರೆ.

ಎರಡನೆಯ ಪರಿಶೀಲಕರು

2.1 “ಗ್ರಾಮ ಕಚೇರಿಗಳ ರದ್ದತಿ ಕಾಯ್ದೆಯಿಂದಲೇ ವ್ಯವಸ್ಥೆ ಕುಸಿಯಿತು ಎಂಬ ವಾದಕ್ಕೆ ಆಧಾರ ಸಾಲದು. ಬೋರ್‌ವೆಲ್, ನೀಲಗಿರಿ, ಹೂಳು ಇವೆಲ್ಲ ಎಲ್ಲಿ?”

ಪರಿಶೀಲಕರ ಆಕ್ಷೇಪದ ಮೇಲೆ ಸಂದರ್ಶನಗಳನ್ನು ಮತ್ತೆ ಕೂತು ಓದಿದೆವು. ಪ್ರತಿ ಊರಿನಲ್ಲಿ ಕೆಲಸ ಯಾವಾಗ ನಿಂತಿತು, ಆ ಸಮಯದಲ್ಲಿ ಏನೇನಾಯಿತು ಎಂದು ಬೇರೆ ಬೇರೆ ಮಾಡಿ ನೋಡಿದೆವು. ವಾದವೇ ಬದಲಾಯಿತು.

ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ 1961ರ ಈ ಕಾಯ್ದೆ 1963ರಲ್ಲಿ ಜಾರಿಗೆ ಬಂದಾಗ ನೀರುಗಂಟಿಯ ಹುದ್ದೆ ಕಾನೂನಿನಲ್ಲಿ ಇಲ್ಲವಾಯಿತು. ಆದರೆ ನಾವು ನೋಡಿದ 11 ಹಳ್ಳಿಗಳಲ್ಲಿ 3ರಲ್ಲಿ ಮಾತ್ರ ಕೆಲಸ ಆ ಹೊತ್ತಿಗೆ ನಿಂತಿತು. 6 ಹಳ್ಳಿಗಳಲ್ಲಿ ರೈತರು ಆಯ ಕೊಡುತ್ತಲೇ ಇದ್ದರು. ಅಚ್ಚುಕಟ್ಟಿನೊಳಗೆ ಬೋರ್‌ವೆಲ್ ಬಂದ ಮೇಲೆಯೇ ಅದು ಕಡಿದುಹೋಯಿತು. 2 ಹಳ್ಳಿಗಳಲ್ಲಿ ಇಂದಿಗೂ ನಡೆದಿದೆ.

ಬೋರ್‌ವೆಲ್ ಬಂದಾಗ ಊರಿಗೆ ಆದದ್ದೇನು ಎಂದು ಬಂಗಾರಪೇಟೆ ಕಡೆಯ ರೈತರೊಬ್ಬರು ಒಂದೇ ಮಾತಿನಲ್ಲಿ ಹೇಳಿದರು: “ಸ್ವಿಚ್ ಇದ್ದೋನಿಗೆ ನೀರುಗಂಟಿ ಯಾಕೆ?” ಸ್ವಂತ ನೀರಿರುವವನು ಕೆರೆ ಹೂಳೆತ್ತಲು ಆಳು ಕಳಿಸುವುದಿಲ್ಲ, ಆಯವನ್ನೂ ಕೊಡುವುದಿಲ್ಲ. ನೀಲಗಿರಿ ತೋಪು, ಜಲಾನಯನದ ಒತ್ತುವರಿ, ಹೂಳು ಕೆರೆಗೆ ಬರುವ ನೀರನ್ನೇ ಕಡಿಮೆ ಮಾಡಿದವು. ಆದ್ದರಿಂದ ‘ಕಾಯ್ದೆಯಿಂದ ಕುಸಿಯಿತು’ ಎಂಬ ಮಾತು ಈಗ ಲೇಖನದಲ್ಲಿಲ್ಲ. ಕಾಯ್ದೆ ನೀರುಗಂಟಿಯನ್ನು ರೈತರ ಮರ್ಜಿಗೆ ಬಿಟ್ಟಿತು, ಬೋರ್‌ವೆಲ್ ಆ ಮರ್ಜಿಯನ್ನೇ ಇಲ್ಲವಾಗಿಸಿತು ಎಂಬುದು ನಮ್ಮ ಹೊಸ ನಿಲುವು (ಪುಟ 16–19, ಕೋಷ್ಟಕ 3).

2.2 “ಕನಿಷ್ಠ 200 ರೈತರ ಪ್ರಶ್ನಾವಳಿ ಸಮೀಕ್ಷೆ ಬೇಕು.”

ಇಲ್ಲಿ ನಮ್ಮದು ಭಿನ್ನಾಭಿಪ್ರಾಯ. ಈ ಕೆಲಸ ಮಾಡಿದವರು ಉಳಿದಿರುವುದೇ ಕೆಲವರು, ಅವರೂ ವಯಸ್ಸಾದವರು. ಹೌದು, ಇಲ್ಲ ಎಂದು ಗುರುತು ಹಾಕಿಸಿಕೊಂಡರೆ ದಾಮಾಷದಂಥ ವಿಷಯ ಹೊರಗೆ ಬರುವುದೇ ಇಲ್ಲ. ಆದರೆ ಪರಿಶೀಲಕರ ಆತಂಕ ನಿಜ: 11 ಹಳ್ಳಿ ನೋಡಿ ಇಡೀ ಜಿಲ್ಲೆಯ ಬಗ್ಗೆ ತೀರ್ಪು ಕೊಡಲಾಗದು. ‘ಜಿಲ್ಲೆಯಾದ್ಯಂತ’ ಎಂದಿದ್ದ ಕಡೆಯೆಲ್ಲ ‘ನಾವು ನೋಡಿದ ಹಳ್ಳಿಗಳಲ್ಲಿ’ ಎಂದು ಮಾಡಿದ್ದೇವೆ. ಹಳ್ಳಿಗಳನ್ನು ಆರಿಸಿದ ರೀತಿಯನ್ನೂ ಪುಟ 6ರಲ್ಲಿ ವಿವರಿಸಿದ್ದೇವೆ.

2.3 “ಮಳೆಯ ಅಂಕಿ ಅಂಶ ಕೊಡಿ.”

ತಾಲೂಕು ಮಳೆಮಾಪನದ ಅಂಕಿ ಸೇರಿಸಿದ್ದೇವೆ. ನಡುವೆ ಕೆಲವು ವರ್ಷಗಳ ದಾಖಲೆ ಇಲ್ಲ, ಹಾಗಾಗಿ ಅದರ ಮೇಲೆ ಯಾವ ವಾದವನ್ನೂ ಕಟ್ಟಿಲ್ಲ.

2.4 “ತೆಲುಗು ಸಂದರ್ಶನಗಳನ್ನು ಅನುವಾದಿಸಿದವರು ಯಾರು?”

ಎರಡನೆಯ ಲೇಖಕರು. ಅವರ ಮನೆಮಾತು ತೆಲುಗು. ಪುಟ 7ರಲ್ಲಿ ಸೇರಿಸಿದೆ.

2.5 “ಕೆ.ಸಿ. ವ್ಯಾಲಿ ಯೋಜನೆಯ ಪ್ರಸ್ತಾಪ ಇಲ್ಲದೆ ಕೋಲಾರದ ಕೆರೆಗಳ ಬಗ್ಗೆ ಇಂದು ಬರೆಯಲಾಗದು.”

ಖಂಡಿತ ಹೌದು. ಈ ಯೋಜನೆಯಲ್ಲಿ 2018ರ ಜೂನ್‌ನಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ನಮ್ಮ ಹಳ್ಳಿಗಳಲ್ಲಿ ಎರಡಕ್ಕೆ ಬಂದಿದೆ. ಅಂತರ್ಜಲ ಹೆಚ್ಚಿಸುವುದು ಅದರ ಗುರಿ, ಕೆರೆಯಿಂದ ನೇರವಾಗಿ ಬೆಳೆಗೆ ಬಿಡುವಂತಿಲ್ಲ. ಹಾಗಾಗಿ ದಶಕಗಳ ನಂತರ ಕೆರೆ ತುಂಬಿದೆ, ತೂಬು ಮಾತ್ರ ಮುಚ್ಚಿದೆ. ನೀರು ಬೋರ್‌ವೆಲ್ ಇರುವವರಿಗೆ ನೆಲದೊಳಗಿಂದ ಸಿಗುತ್ತದೆ, ಇಲ್ಲದವರಿಗೆ ಇಲ್ಲ. ಹಂಚುವವರು ಯಾರೂ ಇಲ್ಲದ ತುಂಬಿದ ಕೆರೆ ಎಂಬ ಈ ಹೊಸ ಸ್ಥಿತಿಗೆ ಪ್ರತ್ಯೇಕ ಉಪವಿಭಾಗ ಬರೆದಿದ್ದೇವೆ (ಪುಟ 21). ಈ ಸಲಹೆಯಿಂದ ಲೇಖನಕ್ಕೆ ಜಾಸ್ತಿ ಬಲ ಬಂದಿದೆ.

ಸಂಪಾದಕರಿಗೆ ಒಂದು ವಿನಂತಿ

ಇಷ್ಟೆಲ್ಲ ಸೇರಿ ಲೇಖನ 9,400 ಪದ ಆಗಿದೆ, ನಿಮ್ಮ ಮಿತಿ 8,000. ಕಡಿಮೆ ಮಾಡಲೇಬೇಕೆಂದರೆ ಎರಡನೆಯ ಭಾಗದ ಶಾಸನಗಳ ಚರ್ಚೆಯನ್ನು ತೆಗೆಯಲು ಒಪ್ಪಿದ್ದೇವೆ, ಅದು ಬೇರೆ ಕಡೆ ಸಿಗುತ್ತದೆ. ನೀರುಗಂಟಿಗಳ ಮಾತುಗಳನ್ನು ಮಾತ್ರ ಕತ್ತರಿಸಬೇಡಿ.

ವಿಶ್ವಾಸದಿಂದ,
ಲೇಖಕರು