ವಿಷಯ: ನೀವು ಕೇಳಿದ ಆ ಒಂದು ನಂಬರ್ – ತಿಂಗಳಿಗೆ 9 ಹೊಸ ಪೇಷಂಟ್

ಡಾಕ್ಟರ್ ಮೇಡಂ,

ನಮಸ್ಕಾರ. ಶನಿವಾರ ಫೋನಲ್ಲಿ ನೀವು ಹೇಳಿದ್ದು ಸರಿ. ನಾನು ಕಳಿಸಿದ ಫೈಲಿನಲ್ಲಿ ಇಂಪ್ರೆಷನ್, ರೀಚ್, ಎಂಗೇಜ್‌ಮೆಂಟ್ ಅಂತ ಆರು ಪುಟ ಇತ್ತು. ನಿಮ್ಮ ಪ್ರಶ್ನೆಗೆ ಉತ್ತರ ಮಾತ್ರ ಇರಲಿಲ್ಲ. "ಇಷ್ಟು ದುಡ್ಡು ಹಾಕಿದ್ರೆ ನನ್ನ ಚೇರಿನ ಮೇಲೆ ಎಷ್ಟು ಜನ ಹೊಸಬರು ಬಂದು ಕೂರ್ತಾರೆ?" ಅಂತ ಕೇಳಿದ್ರಿ. ಆ ಫೈಲನ್ನು ಮರೆತುಬಿಡಿ. ಈ ಮೇಲ್ ಒಂದೇ ಸಾಕು.

ನೇರವಾಗಿ ಹೇಳುತ್ತೇನೆ. ಎಲ್ಲ ಕೆಲಸವೂ ಶುರುವಾಗಿ ನಾಲ್ಕನೇ ತಿಂಗಳ ಹೊತ್ತಿಗೆ, ಈಗ ಬರುತ್ತಿರುವವರ ಜೊತೆಗೆ ತಿಂಗಳಿಗೆ 7ರಿಂದ 14 ಹೊಸ ಪೇಷಂಟ್ ಬರಬೇಕು ಅಂತ ನನ್ನ ಅಂದಾಜು. 9 ಜನ ಬಂದರೆ ನೀವು ಹಾಕಿದ ದುಡ್ಡು ವಾಪಸ್ ಬಂದ ಹಾಗೆ. ಅದಕ್ಕಿಂತ ಕಡಿಮೆಯಾದರೆ ನಿಮಗೆ ನಷ್ಟ. ಈ ಲೆಕ್ಕ ಎಲ್ಲಿಂದ ಬಂತು ಅಂತ ಕೆಳಗೆ ಬಿಡಿಸಿ ಬರೆದಿದ್ದೇನೆ. ಎಲ್ಲಾದರೂ ತಪ್ಪು ಕಂಡರೆ ತಿದ್ದಿ. ನಿಮ್ಮ ಕ್ಲಿನಿಕ್ಕಿನ ಲೆಕ್ಕ ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಮೊದಲು ಈಗಿನ ಸ್ಥಿತಿ. ರಿಜಿಸ್ಟರ್ ಪ್ರಕಾರ ಸೆಪ್ಟೆಂಬರ್‌ನಲ್ಲಿ 34, ಅಕ್ಟೋಬರ್‌ನಲ್ಲಿ 31, ನವೆಂಬರ್‌ನಲ್ಲಿ 37 ಹೊಸ ಪೇಷಂಟ್ ಬಂದಿದ್ದಾರೆ. ತಿಂಗಳಿಗೆ 34 ಅಂತ ಇಟ್ಟುಕೊಳ್ಳೋಣ. ಎರಡು ಡೆಂಟಲ್ ಕಾಲೇಜುಗಳಿರುವ ದಾವಣಗೆರೆಯಲ್ಲಿ, ವಿದ್ಯಾನಗರದಲ್ಲೇ ಇಷ್ಟೊಂದು ಕ್ಲಿನಿಕ್‌ಗಳ ನಡುವೆ, ಜಾಹೀರಾತೇ ಇಲ್ಲದೆ ಇಷ್ಟು ಜನ ಬರುತ್ತಾರೆ ಅಂದರೆ ಅದು ನಿಮ್ಮ ಕೈಗುಣ. ಬಾಯಿಂದ ಬಾಯಿಗೆ ಹರಡಿದ ಹೆಸರು. ಅದನ್ನು ನಾನು ಕಟ್ಟಿಕೊಡಲು ಆಗುವುದಿಲ್ಲ. ಆ ಹೆಸರು ಕೇಳಿ ಫೋನ್ ಮಾಡಿದವರು ಕೈತಪ್ಪಿ ಹೋಗದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ.

ಈಗ ಕೈತಪ್ಪುತ್ತಿದ್ದಾರೆ ಮೇಡಂ. ಇದನ್ನು ತಡೆಯುವುದೇ ಮೊದಲ ಕೆಲಸ, ಸ್ವಲ್ಪ ವಿವರವಾಗಿ ಹೇಳಬೇಕು.

ಕಳೆದ ಎರಡು ವಾರದ ಫೋನ್ ಲಿಸ್ಟನ್ನು ರೂಪಾ ಅವರ ಜೊತೆ ಕೂತು ನೋಡಿದೆ. ಹೊಸ ನಂಬರುಗಳಿಂದ 86 ಕಾಲ್ ಬಂದಿದ್ದವು. ಅದರಲ್ಲಿ 31 ಯಾರೂ ಎತ್ತಿರಲಿಲ್ಲ. ಆ 31ರಲ್ಲಿ 19 ಬಂದದ್ದು ಮಧ್ಯಾಹ್ನ ಒಂದೂವರೆಯಿಂದ ನಾಲ್ಕೂವರೆ ನಡುವೆ, ಕ್ಲಿನಿಕ್ ಮುಚ್ಚಿರುವ ಹೊತ್ತಿನಲ್ಲಿ. ಉಳಿದವು ಸಂಜೆ ರಶ್ ಇದ್ದಾಗ. ವಾಪಸ್ ಫೋನ್ ಮಾಡಿದ್ದು 6 ಜನರಿಗೆ ಮಾತ್ರ. ಇದರಲ್ಲಿ ರೂಪಾ ಅವರ ತಪ್ಪೇನೂ ಇಲ್ಲ. ಒಬ್ಬರೇ ಬಿಲ್ ಮಾಡಬೇಕು, ಒಳಗೆ ನಿಮಗೆ ಸಹಾಯ ಮಾಡಬೇಕು, ಫೋನೂ ಎತ್ತಬೇಕು. ಊಟಕ್ಕೂ ಹೋಗಬೇಕಲ್ವಾ.

ಆದರೆ ಹಲ್ಲುನೋವು ಇರುವವರು ನಾಲ್ಕೂವರೆ ತನಕ ಕಾಯುವುದಿಲ್ಲ. ಹರಿಹರದಿಂದಲೋ ಜಗಳೂರಿನಿಂದಲೋ ಹೊರಡುವವರು "ಡಾಕ್ಟ್ರು ಇದ್ದಾರಾ" ಅಂತ ಕೇಳಿಕೊಂಡೇ ಬಸ್ ಹತ್ತುತ್ತಾರೆ. ನೀವು ಎತ್ತದಿದ್ದರೆ ಗೂಗಲ್ ಲಿಸ್ಟಿನಲ್ಲಿ ಕೆಳಗಿರುವ ನಂಬರಿಗೆ ಒತ್ತುತ್ತಾರೆ.

ಲೆಕ್ಕ ಹೀಗಿದೆ. ಎರಡು ವಾರಕ್ಕೆ 25 ಕಾಲ್ ಹೋಯ್ತು ಅಂದರೆ ತಿಂಗಳಿಗೆ ಸುಮಾರು 50. ಅದರಲ್ಲಿ ಅರ್ಧ ಔಷಧಿ ಕಂಪನಿಯವರು, ಲೋನ್ ಬೇಕಾ ಅಂತ ಕೇಳುವವರು ಅಂತಲೇ ಬಿಡೋಣ. ಉಳಿದ 25ರಲ್ಲಿ ಐದಕ್ಕೆ ಒಬ್ಬರು ಬಂದರೂ ತಿಂಗಳಿಗೆ 5 ಹೊಸ ಪೇಷಂಟ್. ಇದಕ್ಕೆ ಬೇಕಾಗಿರುವುದು ಎರಡೇ. ಮಧ್ಯಾಹ್ನದ ಹೊತ್ತು ಕ್ಲಿನಿಕ್ ಫೋನನ್ನು ರೂಪಾ ಅವರ ಮೊಬೈಲಿಗೆ ಫಾರ್ವರ್ಡ್ ಮಾಡಬೇಕು. ತಪ್ಪಿದ ಕಾಲ್‌ಗೆ ಅರ್ಧ ಗಂಟೆಯೊಳಗೆ ವಾಪಸ್ ಮಾಡಬೇಕು. ಬಿಡುವಿನ ಹೊತ್ತಲ್ಲಿ ಕೆಲಸ ಮಾಡಿಸಿದ ಮೇಲೆ ಅವರಿಗೆ ತಿಂಗಳಿಗೆ 1,000 ರೂಪಾಯಿ ಜಾಸ್ತಿ ಕೊಡಬೇಕು ಅನ್ನುವುದು ನನ್ನ ಕೋರಿಕೆ. ಅದನ್ನೂ ಲೆಕ್ಕಕ್ಕೆ ಸೇರಿಸಿದ್ದೇನೆ.

ನಾನು ಇದಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ಕೆಲಸ ಶುರು ಮಾಡಿದ ಹೊಸತರಲ್ಲಿ ಒಂದು ಕ್ಲಿನಿಕ್ಕಿಗೆ ಮೊದಲ ದಿನವೇ ಜಾಹೀರಾತು ಹಾಕಿಸಿದ್ದೆ. ಕಾಲ್ ಚೆನ್ನಾಗಿಯೇ ಬಂದವು. ಎತ್ತುವವರು ಇರಲಿಲ್ಲ. ಎರಡು ತಿಂಗಳ ದುಡ್ಡು ಹಾಗೇ ಹೋಯ್ತು. ಮೊದಲು ನಾನು ಫೋನ್ ಲಿಸ್ಟ್ ನೋಡಬೇಕಿತ್ತು. ಅದಕ್ಕೇ ನಿಮ್ಮಲ್ಲಿ ಮೊದಲ ತಿಂಗಳು ಜಾಹೀರಾತಿಗೆ ಒಂದು ರೂಪಾಯಿಯೂ ಬೇಡ ಅನ್ನುತ್ತಿದ್ದೇನೆ.

ಎರಡನೆಯ ಕೆಲಸ ಗೂಗಲ್‌ನಲ್ಲಿ ನಿಮ್ಮ ಕ್ಲಿನಿಕ್ ಕಾಣುವ ಪುಟ. ಯಾರಾದರೂ dentist near me ಅಂತ ಟೈಪ್ ಮಾಡಿದಾಗ ಮ್ಯಾಪ್ ಜೊತೆ ಬರುತ್ತಲ್ಲ, ಅದು. ಇದಕ್ಕೆ ಗೂಗಲ್‌ಗೆ ದುಡ್ಡು ಕೊಡಬೇಕಾಗಿಲ್ಲ. ಆ ಪುಟದಲ್ಲಿ ನಿಮ್ಮ ಸಮಯ ಬೆಳಗ್ಗೆ 9ರಿಂದ ಸಂಜೆ 6 ಅಂತ ಇದೆ. ನೀವು ಇರುವುದು ರಾತ್ರಿ ಎಂಟೂವರೆ ತನಕ. ಆಫೀಸ್ ಮುಗಿಸಿ ಏಳು ಗಂಟೆಗೆ ಹುಡುಕುವವರಿಗೆ ನಿಮ್ಮ ಕ್ಲಿನಿಕ್ "ಮುಚ್ಚಿದೆ" ಅಂತ ಕಾಣುತ್ತಿದೆ. ರೂಟ್ ಕೆನಾಲ್, ಮಕ್ಕಳ ಹಲ್ಲು, ಕ್ಲಿಪ್ ಹಾಕುವುದು ಯಾವುದೂ ಅಲ್ಲಿ ನಮೂದಾಗಿಲ್ಲ. ರಿವ್ಯೂ 23 ಇವೆ, ಕೊನೆಯದು ಬಂದು ಏಳು ತಿಂಗಳಾಯ್ತು.

ಮ್ಯಾಪಿನಲ್ಲಿ ಯಾರನ್ನು ಮೇಲೆ ತೋರಿಸಬೇಕು ಅಂತ ಗೂಗಲ್ ಮುಖ್ಯವಾಗಿ ಮೂರು ವಿಷಯ ನೋಡುತ್ತದೆ. ಹುಡುಕಿದ್ದಕ್ಕೂ ನಿಮ್ಮ ಸೇವೆಗೂ ಹೊಂದಿಕೆ ಇದೆಯಾ, ಹುಡುಕುವವರಿಂದ ನೀವೆಷ್ಟು ದೂರ, ಎಷ್ಟು ಜನಕ್ಕೆ ನೀವು ಪರಿಚಿತ. ದೂರವನ್ನು ನಾವು ಬದಲಿಸಲು ಆಗುವುದಿಲ್ಲ. ಪಿ.ಜೆ. ಬಡಾವಣೆಯಲ್ಲಿ ನಿಂತು ಹುಡುಕುವವರಿಗೆ ಅಲ್ಲಿಯ ಕ್ಲಿನಿಕ್ಕೇ ಮೊದಲು ಕಾಣಬಹುದು. ಹಾಗಾಗಿ "ನಿಮ್ಮನ್ನು ನಂಬರ್ ಒನ್ ಮಾಡ್ತೀನಿ" ಅಂತ ನಾನು ಹೇಳುವುದಿಲ್ಲ. ಹಾಗೆ ಯಾರು ಬರೆದುಕೊಟ್ಟರೂ ನಂಬಬೇಡಿ. ಇನ್ನೆರಡು ನಮ್ಮ ಕೈಯಲ್ಲಿವೆ. ಅವನ್ನು ಸರಿ ಮಾಡಿದರೆ, ಗೂಗಲ್ ಪುಟದ ಕಾಲ್ ಬಟನ್ ಒತ್ತುವುದು ತಿಂಗಳಿಗೆ ಈಗಿನ 43ರಿಂದ ನಾಲ್ಕು ತಿಂಗಳಲ್ಲಿ 55ರ ಆಸುಪಾಸಿಗೆ ಬರಬಹುದು. ಆ 12 ಹೊಸ ಕಾಲ್‌ನಲ್ಲಿ ನಾಲ್ಕಕ್ಕೆ ಒಬ್ಬರು ಅಂತ ಹಿಡಿದರೆ 3 ಪೇಷಂಟ್.

ರಿವ್ಯೂ ಬಗ್ಗೆ ಒಂದು ಮಾತು. ಟ್ರೀಟ್‌ಮೆಂಟ್ ಮುಗಿದ ಮೇಲೆ ಎಲ್ಲರಿಗೂ ಕ್ಯೂಆರ್ ಕಾರ್ಡ್ ತೋರಿಸಿ ಕೇಳೋಣ. ಖುಷಿಯಾಗಿ ಹೋಗುವವರನ್ನು ಮಾತ್ರ ಆರಿಸಿ ಕೇಳುವುದು ಬೇಡ. ರಿವ್ಯೂ ಬರೆದರೆ ಕ್ಲೀನಿಂಗ್‌ಗೆ ಡಿಸ್ಕೌಂಟ್ ಅನ್ನುವುದೂ ಬೇಡ. ಎರಡೂ ಗೂಗಲ್ ನಿಯಮಕ್ಕೆ ವಿರುದ್ಧ. "ಒಂದು ಗಂಟೆ ಕಾಯಿಸಿದರು" ಅಂತ ಒಬ್ಬರು ಎರಡು ಸ್ಟಾರ್ ಕೊಟ್ಟಿದ್ದಾರಲ್ಲ, ಅದಕ್ಕೆ ಕ್ಷಮೆ ಕೇಳಿ ಒಂದು ಸಾಲಿನ ಉತ್ತರ ಬರೆಯೋಣ. ಅವರ ಹಲ್ಲಿನ ವಿಷಯ ಮಾತ್ರ ಅಲ್ಲಿ ಎತ್ತಬಾರದು. ಓದುವವರು ದೂರಿಗಿಂತ ನೀವು ಕೊಟ್ಟ ಉತ್ತರವನ್ನು ಜಾಸ್ತಿ ನೋಡುತ್ತಾರೆ.

ಮೂರನೆಯದು ಗೂಗಲ್ ಜಾಹೀರಾತು. ಎರಡನೇ ತಿಂಗಳಿಂದ, ಜಿಎಸ್‌ಟಿ ಸೇರಿ ತಿಂಗಳಿಗೆ 9,000. 18% ಜಿಎಸ್‌ಟಿ ಕಳೆದರೆ ನಿಜವಾಗಿ ಜಾಹೀರಾತಿಗೆ ಹೋಗುವುದು 7,600 ಚಿಲ್ಲರೆ. ಜಾಹೀರಾತು ಬರೀ ಕಂಡಿದ್ದಕ್ಕೆ ದುಡ್ಡು ಹೋಗುವುದಿಲ್ಲ, ಅದನ್ನು ಒತ್ತಿದಾಗ ಹೋಗುತ್ತದೆ. ಒಂದು ಸಲ ಒತ್ತಿದ್ದಕ್ಕೆ 25 ರೂಪಾಯಿ ಅಂತ ಹಿಡಿದಿದ್ದೇನೆ. ಹಾಗಾದರೆ ಸುಮಾರು 300 ಜನ ಒತ್ತುತ್ತಾರೆ. ನೂರಕ್ಕೆ 8 ಜನ ಫೋನ್ ಮಾಡಿದರೆ 24 ಕಾಲ್. ನಾಲ್ಕಕ್ಕೆ ಒಬ್ಬರು ಬಂದರೆ 6 ಪೇಷಂಟ್. ಈ 25, ಈ 8 ಎರಡೂ ನನ್ನ ಅಂದಾಜು. ಜಾಹೀರಾತು ಒಂದು ತಿಂಗಳು ಓಡಿದ ಮೇಲೆ ನಿಜವಾದ ನಂಬರ್ ಸಿಗುತ್ತದೆ, ಆಗ ಲೆಕ್ಕ ತಿದ್ದಿ ಕಳಿಸುತ್ತೇನೆ. root canal cost davangere ಥರ ಹುಡುಕುವವರಿಗೆ, ತಕ್ಷಣ ಹಲ್ಲುನೋವಿಗೆ ಡಾಕ್ಟರ್ ಬೇಕಾದವರಿಗೆ ಮಾತ್ರ ತೋರಿಸೋಣ. ರೂಪಾ ಅವರು ಫೋನ್ ಎತ್ತುವ ಹೊತ್ತಿನಲ್ಲಿ ಮಾತ್ರ.

ಇನ್ನು ದುಡ್ಡು. ನೀವು ಹೇಳಿದ ರೇಟಿನ ಪ್ರಕಾರ ಹತ್ತು ಹೊಸ ಪೇಷಂಟ್ ಬಂದರೆ ಹತ್ತೂ ಜನ 200 ಫೀಸ್ ಕೊಡುತ್ತಾರೆ. ನಾಲ್ವರು 800ರ ಫಿಲ್ಲಿಂಗ್, ಇಬ್ಬರು 1,000ದ ಕ್ಲೀನಿಂಗ್, ಇಬ್ಬರು ಕ್ಯಾಪ್ ಸೇರಿ 7,000ದ ರೂಟ್ ಕೆನಾಲ್ ಮಾಡಿಸುತ್ತಾರೆ. ಒಟ್ಟು 21,200. ಮೆಟೀರಿಯಲ್, ಲ್ಯಾಬ್ ಅಂತ ನೂರಕ್ಕೆ 30 ಕಳೆದರೆ ಒಬ್ಬರಿಂದ ಸುಮಾರು 1,500 ಉಳಿಯುತ್ತದೆ. ಬಾಡಿಗೆ, ಸಂಬಳ ಹೇಗೂ ಕೊಡುತ್ತಿದ್ದೀರಿ, ಅದನ್ನು ಸೇರಿಸಿಲ್ಲ. ಮೊದಲೆರಡು ಕೆಲಸದಿಂದ ಬರುವ 8 ಜನರಿಂದ ಹೀಗೆ 12,000. ಜಾಹೀರಾತಿನಿಂದ ಬರುವ 6 ಜನರಲ್ಲಿ ಮೂವರು ರೂಟ್ ಕೆನಾಲ್‌ಗೇ ಬಂದವರು ಅಂತ ಹಿಡಿದರೆ, ಖರ್ಚು ಕಳೆದು 15,500. ಒಟ್ಟು 27,500.

ನೀವು ಹಾಕುವುದು ಜಾಹೀರಾತಿಗೆ 9,000, ನನ್ನ ಫೀಸ್ 7,000, ರೂಪಾ ಅವರಿಗೆ 1,000. ಒಟ್ಟು 17,000. ಎಲ್ಲ ಅಂದುಕೊಂಡ ಹಾಗೆ ನಡೆದು 14 ಜನ ಬಂದರೆ ತಿಂಗಳಿಗೆ ಹತ್ತು ಸಾವಿರದಷ್ಟು ಉಳಿತಾಯ. ಅರ್ಧ ಮಾತ್ರ ನಡೆದು 7 ಜನ ಬಂದರೆ ಮೂರು ಸಾವಿರ ಚಿಲ್ಲರೆ ಕೈಯಿಂದ ಹೋಗುತ್ತದೆ. ನಡುವೆ ಇರುವ ಗೆರೆಯೇ ಆ 9. ಮೊದಲ ತಿಂಗಳಂತೂ ನಷ್ಟವೇ. 8,000 ಹಾಕುತ್ತೀರಿ, ಫೋನ್ ಸರಿಯಾಗಿದ್ದರಿಂದ ಬರುವ ಎರಡು ಮೂರು ಜನರಿಂದ ನಾಲ್ಕೂವರೆ ಸಾವಿರ ಬಂದರೆ ಹೆಚ್ಚು. ಇದನ್ನು ಈಗಲೇ ಹೇಳಿದ್ದೇನೆ, ಆಮೇಲೆ ಬೇಜಾರಾಗಬಾರದು. ಆ ಪೇಷಂಟ್ ಮುಂದೆ ತಮ್ಮ ಮನೆಯವರನ್ನು ಕರೆತಂದರೆ ಅದು ಈ ಲೆಕ್ಕದ ಹೊರಗೆ.

ಇದಕ್ಕೂ ಮೊದಲು ಹಬ್ಬದ ಶುಭಾಶಯದ ಪೋಸ್ಟುಗಳಿಗೆ ನೀವು ತಿಂಗಳುಗಟ್ಟಲೆ ದುಡ್ಡು ಕೊಟ್ಟಿದ್ದೀರಿ. ಲೈಕ್ ಬಂದವು, ಪೇಷಂಟ್ ಬರಲಿಲ್ಲ. ಹಾಗೆ ಮತ್ತೆ ಆಗಬಾರದು. ಅದಕ್ಕೆ ರಿಜಿಸ್ಟರಿನಲ್ಲಿ "ಹೇಗೆ ಗೊತ್ತಾಯ್ತು?" ಅಂತ ಒಂದು ಕಾಲಂ ಹಾಕಿಸಿ. ಪ್ರತಿ ತಿಂಗಳು 5ನೇ ತಾರೀಖು ಮೂರೇ ನಂಬರ್ ಕಳಿಸುತ್ತೇನೆ: ಎಷ್ಟು ಕಾಲ್ ಬಂತು, ಎಷ್ಟು ತಪ್ಪಿತು, ಎಷ್ಟು ಜನ ಹೊಸಬರು ಬಂದು ಕೂತರು. ಮೂರನೆಯದನ್ನು ನಿಮ್ಮ ರಿಜಿಸ್ಟರಿನಿಂದಲೇ ತೆಗೆಯುತ್ತೇನೆ, ನೀವೇ ತಾಳೆ ನೋಡಬಹುದು. ಜಾಹೀರಾತಿನ ಅಕೌಂಟ್ ನಿಮ್ಮ ಹೆಸರಿನಲ್ಲೇ ಇರುತ್ತದೆ, ದುಡ್ಡು ನಿಮ್ಮ ಕಾರ್ಡಿನಿಂದ ನೇರ ಗೂಗಲ್‌ಗೆ ಹೋಗುತ್ತದೆ. ನನ್ನನ್ನು ಬಿಟ್ಟರೂ ಅಕೌಂಟ್ ನಿಮ್ಮದೇ. ನಾಲ್ಕನೇ ತಿಂಗಳು 9 ಮುಟ್ಟದಿದ್ದರೆ ಮೊದಲು ಜಾಹೀರಾತು ನಿಲ್ಲಿಸೋಣ. ನಾನೇ ಬಂದು ಹೇಳುತ್ತೇನೆ.

"ಊರಿಗೇ ಬೆಸ್ಟ್ ಡೆಂಟಿಸ್ಟ್" ಅಂತ ಎಲ್ಲೂ ಬರೆಯುವುದಿಲ್ಲ. ಪೇಷಂಟ್‌ಗಳನ್ನು ಸೆಳೆಯುವ ವಿಷಯದಲ್ಲಿ ದಂತ ವೈದ್ಯರ ನೀತಿ ಸಂಹಿತೆ ಕಟ್ಟುನಿಟ್ಟು ಅಂತ ನಿಮಗೆ ಗೊತ್ತೇ ಇದೆ. ಜಾಹೀರಾತಿನ ಪ್ರತಿ ಸಾಲನ್ನೂ ಮೊದಲು ನಿಮಗೆ ತೋರಿಸುತ್ತೇನೆ, ನೀವು ಸರಿ ಅಂದ ಮೇಲೇ ಹಾಕುವುದು. ಪೇಷಂಟ್‌ಗಳ ಫೋಟೋ ನಮಗೆ ಬೇಡವೇ ಬೇಡ.

ಗುರುವಾರ ಮಧ್ಯಾಹ್ನ ಎರಡು ಗಂಟೆಗೆ, ಕ್ಲಿನಿಕ್ ಬಿಡುವಿನಲ್ಲಿ ಬರಲೇ? ರೂಪಾ ಅವರೂ ಇದ್ದರೆ ಒಳ್ಳೆಯದು. ಫೋನ್ ಫಾರ್ವರ್ಡ್ ಮಾಡುವುದನ್ನು ಅವತ್ತೇ ಮಾಡಿಬಿಡೋಣ, ಗೂಗಲ್‌ನಲ್ಲಿ ಸಮಯವನ್ನೂ ತಿದ್ದೋಣ. ನನ್ನ ಜೊತೆ ಕೆಲಸ ಮಾಡಬೇಕೋ ಬೇಡವೋ ಅಂತ ನೀವು ಆಮೇಲೆ ನಿಧಾನವಾಗಿ ತೀರ್ಮಾನಿಸಿ. ಇವೆರಡಕ್ಕೆ ನಾನು ಫೀಸ್ ತೆಗೆದುಕೊಳ್ಳುವುದಿಲ್ಲ.

ವಂದನೆಗಳೊಂದಿಗೆ,
ಕಿರಣ್
ಫ್ರೀಲಾನ್ಸ್ ಮಾರ್ಕೆಟಿಂಗ್, ದಾವಣಗೆರೆ